ಸೋಯಾ, ಫಾರಂ ಕೋಳಿ ತಿಂದ್ರೆ ಗಂಡಸರ ಹಾರ್ಮೋನ್ ಇಳಿಯುತ್ತಾ? ಇಲ್ಲಿದೆ ಮಾಹಿತಿ

ಲೋಕಾಪುರ: ಸೋಯಾ ತಿಂದ್ರೆ ಗಂಡಸುತನ ಕಡಿಮೆ ಆಗುತ್ತೆ, ಫಾರಂ ಕೋಳಿಗೆ ಹಾರ್ಮೋನ್ ಚುಚ್ತಾರೆ ಎಂಬ ಮಾತು ಕಿರಾಣಿ ಅಂಗಡಿಯಿಂದ ಚಿಕನ್ ಅಂಗಡಿವರೆಗೂ ಓಡಾಡುತ್ತಿದೆ.

ಸೋಯಾದಲ್ಲಿರುವ ಐಸೊಫ್ಲೇವೋನ್ ಎಂಬ ಅಂಶ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಅನ್ನು ಹೋಲುತ್ತದೆ. ಗುಮಾನಿ ಹುಟ್ಟಿದ್ದು ಇಲ್ಲಿಂದಲೇ. ಆದರೆ ಗಂಡಸರ ಮೇಲೆ ನಡೆದ 41 ಅಧ್ಯಯನಗಳನ್ನು 2021ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದಾಗ, ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಇಳಿದಿರಲಿಲ್ಲ, ಈಸ್ಟ್ರೋಜನ್ ಏರಿರಲಿಲ್ಲ.

ಹಾಗಾದ್ರೆ ಸೋಯಾದಿಂದ ಎದೆ ಬೆಳೆದ ಗಂಡಸಿನ ಕಥೆ ಸುಳ್ಳಾ? ಸುಳ್ಳಲ್ಲ. 2008ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದ ಆ 60 ವರ್ಷದ ವ್ಯಕ್ತಿ ದಿನಕ್ಕೆ ಸುಮಾರು ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು. ಬಿಟ್ಟ ಮೇಲೆ ಈಸ್ಟ್ರೋಜನ್ ನಿಧಾನಕ್ಕೆ ಸರಿಹೋಯಿತು. ಪಲ್ಯಕ್ಕೆ ಹಾಕುವ ಒಂದು ಹಿಡಿ ಸೋಯಾ ಎಲ್ಲಿ, ಅದೆಲ್ಲಿ!

ಇನ್ನು ಕೋಳಿ. ಅದು ಬೇಗ ಬೆಳೆಯುವುದು ಮುಖ್ಯವಾಗಿ ತಳಿಯಿಂದ. ಕೆನಡಾದಲ್ಲಿ 1957ರ ತಳಿ, 2005ರ ತಳಿ ಎರಡಕ್ಕೂ ಒಂದೇ ಮೇವು ಹಾಕಿ ಸಾಕಿದರು. 56 ದಿನಕ್ಕೆ ಹಳೆಯದು ಸುಮಾರು 900 ಗ್ರಾಂ, ಹೊಸದು 4 ಕೆ.ಜಿ. ದಾಟಿತ್ತು. ಬೆಳವಣಿಗೆ ಹಾರ್ಮೋನ್ ಒಂದು ಪ್ರೋಟೀನ್. ಮೇವಿಗೆ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಸಾವಿರಾರು ಕೋಳಿಗೆ ಮತ್ತೆ ಮತ್ತೆ ಸೂಜಿ ಚುಚ್ಚಿದರೆ ಸಾಕುವವನಿಗೆ ಲಾಭವೇ ಉಳಿಯಲ್ಲ. ಫಾರಂ ಕೋಳಿಯಲ್ಲಿ ಕೇಳಬೇಕಾದ ಪ್ರಶ್ನೆ ಆಂಟಿಬಯಾಟಿಕ್ ಬಳಕೆಯದ್ದು.