ಸಂದರ್ಶನದ ಮರುದಿನದ ನಾಲ್ಕು ಸಾಲು

ಔಷಧಿಗಳ ಸಗಟು ಮಳಿಗೆಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸಂದರ್ಶನ ಮುಗಿಸಿ ಬಂದ ಹುಡುಗಿಯೊಬ್ಬಳು ಹೀಗೆ ಬರೆದಳು ಎಂದುಕೊಳ್ಳೋಣ: ‘ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ಮೀಸಲಿಟ್ಟು ನನ್ನನ್ನು ಸಂದರ್ಶಿಸಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಉತ್ಸುಕಳಾಗಿದ್ದೇನೆ. ನನ್ನ ಪರಿಶ್ರಮದಿಂದ ಸಂಸ್ಥೆಯ ಏಳಿಗೆಗೆ ಶ್ರಮಿಸುವೆನೆಂದು ಭರವಸೆ ನೀಡುತ್ತೇನೆ.’

ವ್ಯಾಕರಣದಲ್ಲಿ ತಪ್ಪಿಲ್ಲ, ವಿನಯಕ್ಕೂ ಕೊರತೆಯಿಲ್ಲ. ಆದರೆ ಇದನ್ನೇ ಸಿಮೆಂಟ್ ಅಂಗಡಿಗೂ ಶಾಲೆಗೂ ಕಳಿಸಬಹುದು. ಓದುವವರಿಗೆ ಅವಳ ಮುಖ ನೆನಪಾಗುವಂಥ ಒಂದು ಮಾತೂ ಇದರಲ್ಲಿಲ್ಲ.

ತಿದ್ದುವಾಗ ಮೊದಲು ಹೊಗಳಿಕೆಯ ವಿಶೇಷಣಗಳನ್ನೆಲ್ಲ ಹೊಡೆದುಹಾಕಬೇಕು. ಉಳಿಯುವುದು ‘ಧನ್ಯವಾದ’ ಮತ್ತು ‘ಈ ಕೆಲಸ ಬೇಕು’ ಎಂಬ ಎರಡೇ ಸಂಗತಿ. ಅವೆರಡರ ನಡುವೆ ಆ ದಿನ ಆಡಿದ ಒಂದು ಮಾತು ಬರಬೇಕು. ಯಾವ ಮಾತು? ನಾವು ಚೆನ್ನಾಗಿ ಉತ್ತರಿಸಿದ ಪ್ರಶ್ನೆಯನ್ನೇ ಎತ್ತಿ ಬರೆಯುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಅದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡಂತೆ. ಸಂದರ್ಶಕರು ತಾವಾಗಿ ಆಸಕ್ತಿಯಿಂದ ವಿವರಿಸಿದ ವಿಷಯವೇ ಒಳ್ಳೆಯದು. ಹೊರಗೆ ಬಂದ ಕೂಡಲೇ, ಬಸ್ಸಿಗೆ ಕಾಯುವಾಗಲೇ, ಅಂಥದನ್ನು ಗುರುತು ಹಾಕಿಕೊಳ್ಳಬೇಕು. ರಾತ್ರಿಯ ಹೊತ್ತಿಗೆ ಅವರ ಮಾತು ಮಸುಕಾಗಿ ನಮ್ಮ ಉತ್ತರಗಳಷ್ಟೇ ನೆನಪಿನಲ್ಲಿರುತ್ತವೆ.

ಈ ಹುಡುಗಿಗೆ ಸಿಕ್ಕ ವಿಷಯ ಜಿಎಸ್‌ಟಿಯದು. ತಿದ್ದಿದ ಪತ್ರ ಹೀಗಿದೆ:

‘ನಮಸ್ಕಾರ ಸರ್. ನಿನ್ನೆ ಅಷ್ಟು ಹೊತ್ತು ಮಾತನಾಡಿದ್ದಕ್ಕೆ ಧನ್ಯವಾದ. ಸರಕು ಕೊಟ್ಟವರು ರಿಟರ್ನ್ ಸಲ್ಲಿಸದಿದ್ದರೆ ನಮ್ಮ 2ಬಿಯಲ್ಲಿ ಬಿಲ್ ಕಾಣುವುದಿಲ್ಲ, ಅದಕ್ಕೇ 11ನೇ ತಾರೀಖಿಗೆ ಮುಂಚೆಯೇ ಅವರಿಗೆ ಫೋನ್ ಮಾಡುತ್ತೇವೆ ಎಂದಿರಿ. ನಾನು ಇಲ್ಲಿಯವರೆಗೆ 2ಬಿ ಬಂದ ಮೇಲಷ್ಟೇ ತಾಳೆ ನೋಡುತ್ತಿದ್ದೆ. ನಿಮ್ಮಲ್ಲಿ ಈ ಕೆಲಸ ಮಾಡುವ ಆಸೆ ಇದರಿಂದ ಹೆಚ್ಚಾಗಿದೆ.’

ಮೂರನೆಯ ವಾಕ್ಯ ಅವರದೇ ಮಾತು, ನಾಲ್ಕನೆಯದು ಅದರಿಂದ ಇವಳಿಗೆ ಹೊಳೆದದ್ದು. ಈ ನಾಲ್ಕನೆಯದು ಇಲ್ಲದಿದ್ದರೆ ಪತ್ರ ಬರೀ ವರದಿಯಾಗುತ್ತಿತ್ತು. ಅದು ನಿಜವೂ ಆಗಿರಬೇಕು. ಗೊತ್ತಿದ್ದ ವಿಷಯವನ್ನೇ ಹೊಸದೆಂದು ಬರೆದರೆ ಎರಡನೇ ಸುತ್ತಿನಲ್ಲಿ ಸಿಕ್ಕಿಬೀಳುವ ಅಪಾಯವಿದೆ. ಇದಕ್ಕೆ ಜಿಎಸ್‌ಟಿ ನಿಯಮಗಳ ವಿವರಣೆ ಸೇರಿಸಿದರೆ ಪತ್ರ ಪಾಠವಾಗುತ್ತದೆ, ಸಂಬಳದ ವಿಚಾರ ಸೇರಿಸಿದರೆ ಅರ್ಜಿಯಾಗುತ್ತದೆ. ಮಾತಿನ ನಡುವೆ ಅವರು ಸಂಸ್ಥೆಯ ಒಳಗುಟ್ಟು ಹೇಳಿದ್ದರೆ ಅದನ್ನು ಬರೆಯಲೇಬಾರದು, ಏಕೆಂದರೆ ಪತ್ರ ಇನ್ನೊಬ್ಬರ ಕೈಗೂ ಹೋಗಬಹುದು. ಸಂದರ್ಶಿಸಿದವರು ಇಬ್ಬರಾದರೆ ಇಬ್ಬರಿಗೂ ಬೇರೆಬೇರೆ ವಿಷಯ ಹಿಡಿದು ಬರೆಯಬೇಕು.

ಮರುದಿನದೊಳಗೆ ಕಳಿಸಿದರೆ ಸಾಕು, ಉತ್ತರ ಬರದಿದ್ದರೆ ಮತ್ತೆ ಕೆದಕಬಾರದು. ಸರ್ಕಾರಿ ನೇಮಕಾತಿಯ ಸಂದರ್ಶನಕ್ಕೆ ಮಾತ್ರ ಇದು ಸಲ್ಲದು. ಅಲ್ಲಿ ಆಯ್ಕೆ ಮಂಡಳಿಯವರನ್ನು ಸಂಪರ್ಕಿಸುವುದನ್ನು ಪ್ರಭಾವ ಬೀರುವ ಯತ್ನವೆಂದು ಪರಿಗಣಿಸಿ ಅಭ್ಯರ್ಥಿಯನ್ನು ಅನರ್ಹಗೊಳಿಸುವ ಸಾಧ್ಯತೆ ಇದೆ.