ಫೋಟೋ ನೋಡಿ ಬೇಲಿಯ ಲೆಕ್ಕ: ಕಂಬ ಎಷ್ಟು, ತಂತಿ ಎಷ್ಟು?



ಹೊಲದಲ್ಲಿ ನಿಂತು ಟೇಪು ಹಿಡಿದು ಅಳೆಯಲು ಸಾಧ್ಯವಿದ್ದರೆ ಈ ಲೇಖನದ ಅಗತ್ಯವಿಲ್ಲ. ಆದರೆ ಜಮೀನು ಒಂದು ಊರಿನಲ್ಲಿ, ನೀವು ಇನ್ನೊಂದು ಊರಿನಲ್ಲಿ ಇರುವುದುಂಟು. ಕಲ್ಲುಕಂಬ ಮತ್ತು ಮುಳ್ಳುತಂತಿಗೆ ಇಂದೇ ಮುಂಗಡ ಕೊಡಬೇಕಾಗಿರುತ್ತದೆ. ಕೈಯಲ್ಲಿರುವುದು ಹಳೆಯ ಬೇಲಿಯ ಫೋಟೋ ಮಾತ್ರ, ತಿಳಿದಿರುವುದು ಕಂಬದಿಂದ ಕಂಬಕ್ಕೆ ಇರುವ ದೂರ ಮಾತ್ರ. ಇಷ್ಟರಿಂದಲೇ ಲೆಕ್ಕ ಹಾಕಬಹುದು. ಆದರೆ ಕಣ್ಣಳತೆಯನ್ನು ನಂಬಿದರೆ ಮೋಸಹೋಗುತ್ತೀರಿ.

ನಮಗೆ ಪರಿಚಯದ ರೈತರೊಬ್ಬರಿಗೆ ಹೀಗೆಯೇ ಆಯಿತು. ಅವರ ಒಂದು ಎಕರೆ ತೋಟದ ಸುತ್ತ ನೀಲಗಿರಿ ಗೂಟದ ಬೇಲಿ ಇತ್ತು. ಗೆದ್ದಲು ತಿಂದ ಗೂಟಗಳನ್ನು ಕಿತ್ತು, ಅದೇ ಗುಣಿಗಳಲ್ಲಿ ಕಲ್ಲುಕಂಬ ನೆಡಿಸಬೇಕೆಂದು ನಿರ್ಧರಿಸಿದರು. ಊರಿನಲ್ಲಿದ್ದ ತಮ್ಮ ಎರಡು ಬದಿಗಳ ಫೋಟೋ ತೆಗೆದು ಮೊಬೈಲಿಗೆ ಕಳುಹಿಸಿ, ಗೂಟಗಳ ನಡುವೆ 10 ಅಡಿ ಇದೆ ಎಂದು ತಿಳಿಸಿದರು. ಉದ್ದದ ಬದಿಯ ಫೋಟೋ ಸ್ಪಷ್ಟವಾಗಿತ್ತು. ಅದರಲ್ಲಿ 25 ಗೂಟ ಎಣಿಸಲು ಸಿಕ್ಕವು. ಗಿಡ್ಡ ಬದಿಯ ಫೋಟೋದಲ್ಲಿ ಮೊದಲ 10 ಗೂಟ ಕಂಡವು. ಅಲ್ಲಿಂದಾಚೆಗೆ ಲಂಟಾನ ಪೊದೆ ಮುಚ್ಚಿತ್ತು. ಕೊನೆಯ ಮೂಲೆಗೂಟ ಮಾತ್ರ ಪೊದೆಯ ಮೇಲೆ ಪುಟ್ಟದಾಗಿ ಕಾಣುತ್ತಿತ್ತು. ಮುಚ್ಚಿದ ಜಾಗದಲ್ಲಿ ಎಷ್ಟು ಗೂಟಗಳಿದ್ದಾವು ಎಂದು ತಿಳಿಯಲು ಅವರು ಸ್ಕೇಲು ಇಟ್ಟರು. ಕೊನೆಗೆ ಕಂಡ ಎರಡು ಗೂಟಗಳ ನಡುವಿನ ಅಳತೆ ಆ ಜಾಗದಲ್ಲಿ ನಾಲ್ಕೂವರೆ ಸಲ ಹಿಡಿಯಿತು. ಹಾಗಾಗಿ ಆ ಬದಿ 140 ಅಡಿ ಎಂದುಕೊಂಡು ಆರ್ಡರು ಕೊಟ್ಟರು.

ಕಲ್ಲು ಇಳಿದು ಕೆಲಸ ಶುರುವಾದ ಮೇಲೆ ತಮ್ಮನ ಫೋನು ಬಂತು: "ಅಣ್ಣಾ, ಕಂಬ ಎಂಟು ಕಡಿಮೆ ಬಿತ್ತು, ತಂತಿಯೂ ಸಾಲದು." ತಂತಿ 300 ಅಡಿಗೂ ಹೆಚ್ಚು ಕಡಿಮೆ ಬಿದ್ದಿತ್ತು. ಎಂಟೇ ಕಲ್ಲಿಗಾಗಿ ಮತ್ತೊಂದು ಬಾಡಿಗೆ ತೆರಬೇಕಾಯಿತು. ತಪ್ಪು ಎಲ್ಲಿ ಆಯಿತೆಂದು ನೋಡೋಣ.

ಗೂಟವನ್ನಲ್ಲ, ಅಂಕಣವನ್ನು ಎಣಿಸಿರಿ

ಎರಡು ಕಂಬಗಳ ನಡುವಿನ ಜಾಗವನ್ನು ನಾವು ಮನೆಯ ಲೆಕ್ಕದಂತೆ ಅಂಕಣ ಎಂದು ಕರೆಯೋಣ. ಬೇಲಿಯ ಉದ್ದ ನಿಂತಿರುವುದು ಅಂಕಣಗಳ ಮೇಲೆ, ಕಂಬಗಳ ಮೇಲೆ ಅಲ್ಲ. ಒಂದು ಬದಿಯಲ್ಲಿ 25 ಗೂಟ ಇದ್ದರೆ ಅಂಕಣ 24. ಆದುದರಿಂದ ಉದ್ದ 240 ಅಡಿ, 250 ಅಲ್ಲ.

ಹೊಲದ ಸುತ್ತ ಬೇಲಿ ಬಂದು ಕೂಡಿಕೊಂಡಾಗ ಮಾತ್ರ ಕಂಬಗಳೂ ಅಂಕಣಗಳೂ ಸಮನಾಗುತ್ತವೆ. ಏಕೆಂದರೆ ಪ್ರತಿ ಮೂಲೆಕಂಬವೂ ಎರಡು ಬದಿಗಳಿಗೆ ಸೇರಿರುತ್ತದೆ. ನಾಲ್ಕು ಬದಿಗಳ ಗೂಟಗಳನ್ನು ಬೇರೆ ಬೇರೆ ಎಣಿಸಿ ಕೂಡಿದರೆ ನಾಲ್ಕು ಮೂಲೆಗಳು ಎರಡು ಸಲ ಸೇರಿ, ನಾಲ್ಕು ಕಂಬ ಹೆಚ್ಚಿಗೆ ಬರುತ್ತವೆ.

10 ಅಡಿ ಎಂಬ ಅಳತೆಯನ್ನೂ ಪರೀಕ್ಷಿಸಬೇಕು. ಕೆಲವರು ಒಂದು ಗೂಟದ ಒಳ ಅಂಚಿನಿಂದ ಮುಂದಿನದರ ಒಳ ಅಂಚಿಗೆ ಅಳೆಯುತ್ತಾರೆ. ಗೂಟದ ದಪ್ಪ 4 ಅಂಗುಲವಾದರೆ ಪ್ರತಿ ಅಂಕಣಕ್ಕೂ 4 ಅಂಗುಲ ಬಿಟ್ಟುಹೋಗುತ್ತದೆ. 84 ಅಂಕಣಗಳ ಬೇಲಿಯಲ್ಲಿ ಇದು 28 ಅಡಿ ಆಗುತ್ತದೆ. ಊರಿನಲ್ಲಿರುವವರಿಗೆ ಗೂಟದ ಮಧ್ಯದಿಂದ ಮಧ್ಯಕ್ಕೆ ಅಳೆಯಲು ಹೇಳಿರಿ. ಒಂದೇ ಅಂಕಣ ಸಾಲದು. ಸಾಲಾಗಿ ಐದು ಅಂಕಣ ಅಳೆದು ಐದರಿಂದ ಭಾಗಿಸಿದರೆ ನಂಬಬಹುದಾದ ಅಂತರ ಸಿಗುತ್ತದೆ.

ದೂರದ ಅಂಕಣ ಏಕೆ ಕಿರಿದಾಗಿ ಕಾಣುತ್ತದೆ?

ಫೋಟೋದಲ್ಲಿ ಹತ್ತಿರದ ಅಂಕಣ ಅಗಲವಾಗಿಯೂ, ದೂರ ಹೋದಂತೆ ಪ್ರತಿ ಅಂಕಣವೂ ಹಿಂದಿನದಕ್ಕಿಂತ ಕಿರಿದಾಗಿಯೂ ಕಾಣುತ್ತದೆ. ಆದುದರಿಂದ ಒಂದು ಅಂಕಣದ ಅಳತೆಯನ್ನು ಮುಂದಿನ ಜಾಗದ ಮೇಲೆ ಇಡುತ್ತ ಹೋದರೆ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ನಮ್ಮ ರೈತರು ನಾಲ್ಕೂವರೆ ಎಂದುಕೊಂಡ ಜಾಗದಲ್ಲಿ ನಿಜವಾಗಿ ಇದ್ದದ್ದು 9 ಅಂಕಣ.

ಅಗಲವನ್ನು ಬಿಟ್ಟು ಎತ್ತರವನ್ನು ಹಿಡಿಯಿರಿ. ಕ್ಯಾಮೆರಾದಿಂದ ಎರಡರಷ್ಟು ದೂರವಿರುವ ಗೂಟವು ಫೋಟೋದಲ್ಲಿ ಅರ್ಧ ಎತ್ತರ ಕಾಣುತ್ತದೆ, ಹತ್ತರಷ್ಟು ದೂರವಿರುವುದು ಹತ್ತರಲ್ಲಿ ಒಂದು ಪಾಲು ಕಾಣುತ್ತದೆ. ಇದರಿಂದ ಒಂದು ಸರಳ ನಿಯಮ ದೊರೆಯುತ್ತದೆ. ಮೊದಲ ಗೂಟದ ಎತ್ತರವನ್ನು ಬೇರೆ ಯಾವುದೇ ಗೂಟದ ಎತ್ತರದಿಂದ ಭಾಗಿಸಿರಿ. ಬರುವ ಸಂಖ್ಯೆ ಪ್ರತಿ ಅಂಕಣಕ್ಕೂ ಸಮನಾಗಿ ಏರುತ್ತ ಹೋಗುತ್ತದೆ.

ಆ ರೈತರ ಫೋಟೋವನ್ನೇ ಎ-4 ಹಾಳೆಯ ಅಗಲಕ್ಕೆ ಅಚ್ಚು ಹಾಕಿಸಿ ಅಳೆದೆವು. ಮೊದಲ ಗೂಟ 42 ಮಿ.ಮೀ., ಎರಡನೆಯದು 28, ಮೂರನೆಯದು 21 ಮಿ.ಮೀ. ಇತ್ತು. 42ನ್ನು 42ರಿಂದ ಭಾಗಿಸಿದರೆ 1, 28ರಿಂದ ಭಾಗಿಸಿದರೆ 1.5, 21ರಿಂದ ಭಾಗಿಸಿದರೆ 2. ಅಂದರೆ ಪ್ರತಿ ಅಂಕಣಕ್ಕೂ 0.5 ಏರುತ್ತಿದೆ. ಪೊದೆಯಾಚೆಯ ಮೂಲೆಗೂಟ 4.2 ಮಿ.ಮೀ. ಇತ್ತು. 42ನ್ನು 4.2ರಿಂದ ಭಾಗಿಸಿದರೆ 10. ಒಂದರಿಂದ ಹತ್ತಕ್ಕೆ ಏರಿಕೆ 9. ಅದನ್ನು 0.5ರಿಂದ ಭಾಗಿಸಿದರೆ 18. ಆ ಬದಿಯಲ್ಲಿ 18 ಅಂಕಣ, ಅಂದರೆ 180 ಅಡಿ.

ಎತ್ತರವೆಂದರೆ ಗೂಟದ ತುದಿಯಿಂದ ನೆಲದವರೆಗೆ ಎಂದು ತಿಳಿಯಬೇಡಿರಿ. ಗೂಟಗಳು ಒಂದು ಉದ್ದ, ಒಂದು ಗಿಡ್ಡ ಇರುತ್ತವೆ, ಬುಡವನ್ನು ಹುಲ್ಲು ಮುಚ್ಚಿರುತ್ತದೆ. ಕೆಳಗಿನ ತಂತಿ ಕಟ್ಟಿದ ಜಾಗದಿಂದ ಮೇಲಿನ ತಂತಿ ಕಟ್ಟಿದ ಜಾಗದವರೆಗೆ ಅಳೆಯಿರಿ. ತಂತಿಯ ಸಾಲುಗಳ ಅಂತರ ಬೇಲಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೇಲಿನ ಅಳತೆಗಳೆಲ್ಲ ಹಾಗೆ ತೆಗೆದವು.

ಈ ಲೆಕ್ಕ ಎಲ್ಲಿ ತಪ್ಪುತ್ತದೆ?

ಪುಟ್ಟದಾಗಿ ಕಾಣುವ ಗೂಟದಲ್ಲಿ ಅಳತೆಯ ತಪ್ಪು ದೊಡ್ಡದಾಗುತ್ತದೆ. 4.2 ಮಿ.ಮೀ. ಎಂದದ್ದು ನಿಜವಾಗಿ 4.7 ಆಗಿದ್ದರೆ ಉತ್ತರ 16 ಅಂಕಣ, 3.7 ಆಗಿದ್ದರೆ 21 ಅಂಕಣಕ್ಕೆ ಸಮೀಪ. ಆದುದರಿಂದ 18ನ್ನು ಇನ್ನೊಂದು ದಾರಿಯಿಂದ ತಾಳೆ ನೋಡಲೇಬೇಕು. ಎದುರು ತುದಿಯಿಂದ ಇನ್ನೊಂದು ಫೋಟೋ ತರಿಸುವುದು ಒಂದು ದಾರಿ. ಪಹಣಿ ಇನ್ನೊಂದು ದಾರಿ.

ಆ ತೋಟ ಆಯಾಕಾರವಾಗಿದ್ದು, ಎದುರು ಬದಿಗಳು ಸಮ ಎಂಬುದು ಅವರಿಗೆ ತಿಳಿದಿತ್ತು. ಪಹಣಿಯಲ್ಲಿ 1 ಎಕರೆ, ಅಂದರೆ 40 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ. 180 ಅಡಿಯನ್ನು 240 ಅಡಿಯಿಂದ ಗುಣಿಸಿದರೆ 43,200 ಚದರ ಅಡಿ, ಅಂದರೆ 40 ಗುಂಟೆಗೆ ತೀರ ಸಮೀಪ. ಅವರು ಹಿಡಿದಿದ್ದ 140 ಅಡಿಯಿಂದ ಗುಣಿಸಿದರೆ 31 ಗುಂಟೆಯೂ ತುಂಬುವುದಿಲ್ಲ. ಮುಂಗಡ ಕೊಡುವ ಮೊದಲು ಈ ಒಂದು ಗುಣಾಕಾರ ಮಾಡಿದ್ದರೆ ತಪ್ಪು ಅಲ್ಲಿಯೇ ತಿಳಿಯುತ್ತಿತ್ತು. ಓರೆಕೋರೆ ಜಮೀನಿಗೆ ಈ ತಾಳೆ ಒಪ್ಪುವುದಿಲ್ಲ. ಅಂಥಲ್ಲಿ ಸರ್ವೆ ನಕ್ಷೆಯ ಬದಿಯ ಅಳತೆಗಳೊಡನೆ ಹೋಲಿಸಿರಿ.

ಬೇಲಿ ಬಾಗಿ ಸಾಗುವಲ್ಲಿಯೂ, ಗೂಟಗಳ ಅಂತರ ಸಮನಾಗಿಲ್ಲದಲ್ಲಿಯೂ ಎತ್ತರದ ನಿಯಮ ನಡೆಯುವುದಿಲ್ಲ. ಕಾಣುವ ಗೂಟಗಳಲ್ಲಿ ಏರಿಕೆ ಒಮ್ಮೆ 0.5, ಒಮ್ಮೆ 0.8 ಎಂದು ಬಂದರೆ ಅಂತರ ಸಮನಾಗಿಲ್ಲವೆಂದು ತಿಳಿಯಿರಿ. ಫೋಟೋ ತೆಗೆಯುವವರು ಬೇಲಿಯ ಸಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಮೊದಲ ಗೂಟದಿಂದ ಎರಡು ಅಂಕಣ ಹಿಂದೆ ನಿಂತು, ಮೊಬೈಲನ್ನು ಮೇಲಕ್ಕೂ ಕೆಳಕ್ಕೂ ಬಾಗಿಸದೆ ಹಿಡಿಯಬೇಕು. ಮೊದಲ ಗೂಟ ಫೋಟೋದ ಅಂಚಿಗೆ ಬರಬಾರದು, ಅಂಚಿನಲ್ಲಿ ಆಕಾರ ಹಿಗ್ಗಿರುತ್ತದೆ.

ಆರ್ಡರಿನ ಲೆಕ್ಕ

ಈಗ ನಾಲ್ಕೂ ಬದಿ ಸೇರಿಸೋಣ. 18, 24, 18, 24 ಕೂಡಿದರೆ 84 ಅಂಕಣ. ಸುತ್ತಳತೆ 840 ಅಡಿ, ನಿಲ್ಲುವ ಕಂಬ 84.

ಇದಲ್ಲದೆ ತಂತಿಯ ಬಿಗಿತ ತಡೆಯಲು ಓರೆಯಾಗಿ ಆನಿಸುವ ಆಸರೆ ಕಂಬಗಳು ಬೇಕು. ಮೂಲೆಗೆ ಎರಡರಂತೆ 8, ಗೇಟಿನ ಎರಡು ಕಂಬಗಳಿಗೆ ಒಂದೊಂದರಂತೆ 2, ಪ್ರತಿ ಬದಿಯ ನಡುಭಾಗದ ಒಂದು ಕಂಬಕ್ಕೆ ಎರಡೂ ಕಡೆ ಆನಿಸಲು ಒಟ್ಟು 8. ಹೀಗೆ 18. ಎಲ್ಲ ಸೇರಿ 102. ಇಳಿಸುವಾಗ ಮುರಿಯುವುದಕ್ಕೆಂದು ಮೂರು ಸೇರಿಸಿ 105 ಕಲ್ಲು ಹೇಳಬಹುದು. ಹಳೆಯ ಬೇಲಿಯ ಫೋಟೋದಲ್ಲಿ ಓರೆಯಾಗಿ ಕಾಣುವ ಗೂಟಗಳನ್ನು ಅಂಕಣದ ಎಣಿಕೆಗೆ ಸೇರಿಸಬಾರದು.

ತಂತಿಗೆ ಗೇಟಿನ ಒಂದು ಅಂಕಣ ಬಿಡಿರಿ. ಉಳಿದ 83 ಅಂಕಣಕ್ಕೆ ಒಂದು ಸಾಲಿಗೆ 830 ಅಡಿ, ನಾಲ್ಕು ಸಾಲಿಗೆ 3,320 ಅಡಿ. ಮೂಲೆಯಲ್ಲಿ ಸುತ್ತುವುದಕ್ಕೆ, ಜೋಡಿಸುವುದಕ್ಕೆ ನೂರಕ್ಕೆ ಐದರಂತೆ 166 ಅಡಿ ಸೇರಿಸಿದರೆ 3,486 ಅಡಿ, ಅಂದರೆ ಸುಮಾರು 1,063 ಮೀಟರು. ಪ್ರತಿ ಅಂಕಣದಲ್ಲಿ ಗುಣಾಕಾರ ಚಿಹ್ನೆಯಂತೆ ಎರಡು ಓರೆ ತಂತಿ ಎಳೆಸುವುದಾದರೆ, 4 ಅಡಿ ಎತ್ತರಕ್ಕೆ ಅಂಕಣವೊಂದಕ್ಕೆ ಇನ್ನೂ 21.5 ಅಡಿ ಬೇಕು. ಇದು ನಾಲ್ಕು ಸಾಲಿನ ತಂತಿಯ ಅರ್ಧಕ್ಕಿಂತ ಹೆಚ್ಚು. ಆದುದರಿಂದ ಓರೆ ತಂತಿ ಬೇಕೋ ಬೇಡವೋ ಎಂಬುದನ್ನು ಮೊದಲೇ ತೀರ್ಮಾನಿಸಿರಿ.

ಮುಳ್ಳುತಂತಿಯನ್ನು ತೂಕದ ಮೇಲೆ ಮಾರುತ್ತಾರೆ. ಒಂದು ಕೆ.ಜಿ.ಗೆ ಎಷ್ಟು ಉದ್ದ ಬರುತ್ತದೆ ಎಂಬುದು ತಂತಿಯ ಗೇಜು ಮತ್ತು ಮುಳ್ಳುಗಳ ಅಂತರದ ಮೇಲೆ ನಿಂತಿದೆ. ಅಂಗಡಿಯಲ್ಲಿ 10 ಮೀಟರು ತುಂಡನ್ನು ತೂಗಿಸಿ ನೋಡಿರಿ. ಅದು 1.1 ಕೆ.ಜಿ. ಬಂದರೆ 1,063 ಮೀಟರಿಗೆ 117 ಕೆ.ಜಿ. ಬೇಕು. ಕಂಬಕ್ಕೆ ಬಿಗಿಯುವ ಕಟ್ಟುತಂತಿ ಇದರಲ್ಲಿ ಸೇರಿಲ್ಲ.

ಕೊನೆಯದಾಗಿ ಒಂದು ಮಾತು. ಫೋಟೋ ತೋರಿಸುವುದು ಹಳೆಯ ಬೇಲಿ ಎಲ್ಲಿದೆ ಎಂಬುದನ್ನು ಮಾತ್ರ, ನಿಮ್ಮ ಗಡಿ ಎಲ್ಲಿದೆ ಎಂಬುದನ್ನಲ್ಲ. ಗೂಟ ಕಿತ್ತು ಕಲ್ಲು ನೆಡುವ ಮುನ್ನ ಬಾಂದು ಕಲ್ಲುಗಳನ್ನು ಹುಡುಕಿಸಿ, ಪಕ್ಕದ ಹೊಲದವರನ್ನು ಕರೆದು ತೋರಿಸಿರಿ. ಬೇಲಿ ಒಳಗೋ ಹೊರಗೋ ಸರಿಯಬೇಕಾದರೆ ಅಂಕಣಗಳ ಲೆಕ್ಕವನ್ನು ಮತ್ತೊಮ್ಮೆ ಹಾಕಿ, ಆಮೇಲೆ ಮುಂಗಡ ಕೊಡಿರಿ.