ಮೂರು ಸಾಲಿನ ಸ್ಕ್ರಿಪ್ಟ್ ಏನೇನು ಅಳಿಸುತ್ತದೆ?

ಸಹಕಾರ ಸಂಘವೊಂದರ ಲಿನಕ್ಸ್ ಸರ್ವರ್‌ನಲ್ಲಿ ದಿನಕ್ಕೊಂದರಂತೆ ಬ್ಯಾಕಪ್ ಕಡತಗಳು ಸೇರಿ ಡಿಸ್ಕ್ ತುಂಬುತ್ತಿದೆ ಎಂದುಕೊಳ್ಳಿ. ಹಳೆಯವನ್ನು ತಾನಾಗಿಯೇ ಅಳಿಸಲು ಸಿಬ್ಬಂದಿಯೊಬ್ಬರು ಪುಟ್ಟ ಸ್ಕ್ರಿಪ್ಟ್ ಬರೆದಿದ್ದಾರೆ. ಒಪ್ಪಿಗೆ ಕೊಡಬೇಕಾದವರು ಕಾರ್ಯದರ್ಶಿ. ಅವರು ಕೋಡ್ ಓದುವುದಿಲ್ಲ. ಜೊತೆಗಿಟ್ಟ ವಿವರಣೆಯೇ ಅವರಿಗೆ ಆಧಾರ.

```
#!/bin/sh
cd /backup/daily
find . -name "*.gz" -mtime +30 -delete
```

'ಮೊದಲು `cd`, ಆಮೇಲೆ `find` ಓಡಿಸಿ ಹಳೆಯ ಕಡತ ತೆಗೆಯುತ್ತದೆ' ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಕಾರ್ಯದರ್ಶಿಗೆ ಬೇಕಾದದ್ದು ಅದರಲ್ಲಿಲ್ಲ. ಯಾವ ಕಡತ ಹೋಗುತ್ತದೆ, ಎಷ್ಟು ಹಳೆಯದು, ಹೋದದ್ದು ಮರಳಿ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಗಳಿಗೆ ಉತ್ತರ ಕೊಡುವ ವಿವರಣೆ ಹೀಗಿರುತ್ತದೆ: '`/backup/daily` ಫೋಲ್ಡರ್ ಮತ್ತು ಅದರ ಒಳಗಿನ ಎಲ್ಲ ಫೋಲ್ಡರ್‌ಗಳಲ್ಲಿ, ಹೆಸರು `.gz` ಎಂದು ಮುಗಿಯುವ, ಕಡೆಯ ಬಾರಿ ಬದಲಾಗಿ ಕನಿಷ್ಠ 31 ದಿನ ಕಳೆದಿರುವ ಕಡತಗಳನ್ನು ಅಳಿಸುತ್ತದೆ. ಅವು ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ಅಳಿದುಹೋಗುತ್ತವೆ. ಅಳಿಸಿದವುಗಳ ಪಟ್ಟಿ ಎಲ್ಲೂ ಉಳಿಯುವುದಿಲ್ಲ. ಇದು ಯಾವಾಗ ಓಡಬೇಕೆಂಬುದು ಈ ಕಡತದಲ್ಲಿಲ್ಲ.'

ಕೋಡ್‌ನಲ್ಲಿ 30 ಎಂದಿದ್ದರೂ ವಿವರಣೆಯಲ್ಲಿ 31 ಬಂದದ್ದು ಕೈತಪ್ಪಿನಿಂದಲ್ಲ. `find` ಕಡತದ ವಯಸ್ಸನ್ನು 24 ಗಂಟೆಗಳ ಲೆಕ್ಕದಲ್ಲಿ ಅಳೆದು, ಉಳಿದ ಗಂಟೆಗಳನ್ನು ಬಿಟ್ಟುಬಿಡುತ್ತದೆ. 30 ದಿನ 20 ಗಂಟೆಯ ಕಡತ ಅದರ ಪಾಲಿಗೆ 30 ದಿನದ್ದೇ. `+30` ಎಂದರೆ ಮೂವತ್ತಕ್ಕಿಂತ ಹೆಚ್ಚು, ಹಾಗಾಗಿ ಅಂಥ ಕಡತ ಇನ್ನೂ ಉಳಿಯುತ್ತದೆ.

ಕೆಲಸ ಕೆಟ್ಟಾಗ ಏನಾಗುತ್ತದೆ ಎಂದು ಬರೆಯಲು ಕೂತಾಗಲೇ ನಿಜವಾದ ಅಪಾಯ ಹೊರಬೀಳುತ್ತದೆ. ಬ್ಯಾಕಪ್ ಡಿಸ್ಕ್ ಜೋಡಣೆಯಾಗಿಲ್ಲದೆ ಆ ಫೋಲ್ಡರ್ ಸಿಗದಿದ್ದರೆ ಎರಡನೆಯ ಸಾಲು ಸೋಲುತ್ತದೆ, ಆದರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ. ಆಗ ಮೂರನೆಯ ಸಾಲು ತಾನಿದ್ದ ಜಾಗದಲ್ಲೇ ಅಳಿಸತೊಡಗುತ್ತದೆ. ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್ ಇದನ್ನು ಓಡಿಸಿದ್ದರೆ ಆ ಜಾಗ ಸಾಮಾನ್ಯವಾಗಿ ಬಳಕೆದಾರರ ಹೋಮ್ ಫೋಲ್ಡರ್. ಅಲ್ಲಿರುವ ಹಳೆಯ `.gz` ಕಡತಗಳೆಲ್ಲ ಹೋಗುತ್ತವೆ.

ಇದಕ್ಕೆ ಪರಿಹಾರ ಚಿಕ್ಕದು.

```
cd /backup/daily || exit 1
```

ಈಗ ವಿವರಣೆಗೆ 'ಫೋಲ್ಡರ್ ಸಿಗದಿದ್ದರೆ ಏನನ್ನೂ ಅಳಿಸದೆ ನಿಲ್ಲುತ್ತದೆ' ಎಂಬ ಮಾತನ್ನು ಧೈರ್ಯವಾಗಿ ಸೇರಿಸಬಹುದು. ಇನ್ನೊಂದು ಮಿತಿಯನ್ನೂ ಬರೆಯಲೇಬೇಕು: ಹೊಸ ಬ್ಯಾಕಪ್ ಬರುತ್ತಿದೆಯೇ ಎಂದು ಈ ಸ್ಕ್ರಿಪ್ಟ್ ನೋಡುವುದಿಲ್ಲ. ಬ್ಯಾಕಪ್ ನಿಂತುಹೋಗಿ ಯಾರೂ ಗಮನಿಸದಿದ್ದರೆ, ತಿಂಗಳು ಕಳೆಯುತ್ತಿದ್ದಂತೆ ಕೊನೆಯ ಪ್ರತಿಯೂ ಅಳಿದುಹೋಗುತ್ತದೆ. ಅದಕ್ಕೆ ಬೇರೆ ಏರ್ಪಾಡು ಏನಿದೆ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಕಾರ್ಯದರ್ಶಿ ಒಪ್ಪಿಗೆ ಕೊಡಬೇಕು.